ಮೂವತ್ತೆರಡು ಕಾಪಿ

ಝೆರಾಕ್ಸ್ ಅಂಗಡಿಯ ಗಿರೀಶ, ಹೈಸ್ಕೂಲ್ ಟೀಚರ್ ಸುಧಾ. ನನ್ನ ಕಥೆಯಲ್ಲಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸು. ಮೊದಲ ಸಲ ಬರೆದಾಗ ಗಿರೀಶನ ಬಾಯಲ್ಲಿ, "ನಿಮ್ಮನ್ನು ನೋಡದಿದ್ರೆ ದಿನ ಹೋಗಲ್ಲ" ಅನ್ನಿಸಿದ್ದೆ. ಓದಿದ ಗೆಳತಿ ನಕ್ಕುಬಿಟ್ಟಳು. "ಕೌಂಟರ್ ಹಿಂದೆ ನಿಂತು ಯಾರಪ್ಪ ಹೀಗಂತಾರೆ?"

ನಿಜ ಅಲ್ವಾ? ಆ ಮಾತು ತೆಗೆದೆ. ಇಬ್ಬರೂ ಬರೀ ಪ್ರಶ್ನೆಪತ್ರಿಕೆಯ ವಿಷಯವೇ ಮಾತಾಡಲಿ ಅಂತ ಬಿಟ್ಟೆ.

"ಎಷ್ಟು ಕಾಪಿ?"
"ಮೂವತ್ತೆರಡು."
"ಹೋದ ತಿಂಗಳು ಮೂವತ್ನಾಲ್ಕಿತ್ತು."
"ಇಬ್ಬರು ಟಿ.ಸಿ. ತಗೊಂಡ್ರು."
"ನಿಮಗೆ ವರ್ಗ ಗಿರ್ಗ ಏನೂ ಆಗಲ್ಲ ತಾನೆ?"
"ಮಿಷನ್ ನಿಂತಿದೆ, ನೋಡಿ."

ಹೋದ ತಿಂಗಳ ಲೆಕ್ಕ ಅವನಿಗೆ ನೆನಪಿದೆ. ಬೇರೆ ಗಿರಾಕಿಯದು ನೆನಪಿರುತ್ತಿತ್ತಾ? ನಾನು ಪ್ರತಿ ಮಾತನ್ನೂ ಹೀಗೇ ನೋಡುತ್ತೇನೆ. ಅದೇ ಮಾತನ್ನು ಇನ್ನೊಬ್ಬ ಗಿರಾಕಿಗೂ ಹೇಳಬಹುದು ಅಂತಾದರೆ ಅದರಲ್ಲಿ ಪ್ರೀತಿ ಇಲ್ಲ, ಬರೀ ವ್ಯಾಪಾರ. ಇನ್ನು ಆ 'ಗಿರ್ಗ'. ಸುಮ್ನೆ ಕೇಳಿದೆ ಅನ್ನುವ ವೇಷ ಅದು. ಪಕ್ಕದಲ್ಲೇ ಇರುವ 'ತಾನೆ' ಆ ವೇಷ ಕಳಚುತ್ತದೆ, ಯಾಕೆಂದರೆ 'ಇಲ್ಲ' ಅನ್ನಿಸಿಕೊಳ್ಳುವ ಆಸೆ ಅದರಲ್ಲಿದೆ. "ವರ್ಗ ಆಗುತ್ತಾ?" ಅಂತ ಬರೆದು ನೋಡಿದೆ, ಸರ್ವೆಗೆ ಬಂದವನು ಕೇಳಿದ ಹಾಗಿತ್ತು. ಸುಧಾ ಉತ್ತರ ಕೊಡದೆ ಮಿಷನ್ ಕಡೆ ಕೈ ತೋರಿಸುತ್ತಾಳೆ. ಇದಾದ ಮೇಲೆ "ಅವಳ ಎದೆ ಹೊಡೆದುಕೊಂಡಿತು" ಅಂತ ಒಂದು ಸಾಲು ಇತ್ತು. ಅದನ್ನು ಹೊಡೆದುಹಾಕಿದೆ. ಅವಳು ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಿಟ್ಟ ಹಾಗಾಗುತ್ತಿತ್ತು.

ಜಾಸ್ತಿ ಒದ್ದಾಡಿದ್ದು ನೀವು, ನೀನು ವಿಷಯದಲ್ಲಿ. 'ನೀವು'ನಿಂದ 'ನೀನು'ಗೆ ಜಾರುವುದು ನಮ್ಮ ಭಾಷೆಯಲ್ಲೇ ಇರುವ ಅನುಕೂಲ. ಮಳೆ ಬಂದಾಗ ಗಿರೀಶ "ಕೊಡೆ ತಗೊಂಡು ಹೋಗು" ಅಂದುಬಿಡಲಿ ಅಂದುಕೊಂಡೆ. ಓದಿದರೆ ಸಲುಗೆ ಅನಿಸಲಿಲ್ಲ, ದರ್ಪ ಅನಿಸಿತು. ಎಷ್ಟೋ ಮನೆಗಳಲ್ಲಿ ಗಂಡ 'ನೀನು' ಅಂತಾನೆ, ಹೆಂಡತಿ 'ನೀವು' ಅಂತಾಳೆ. ಓದುವವರ ಕಿವಿಯಲ್ಲಿ ಅದೂ ಇರುತ್ತದಲ್ಲ. ಅದಕ್ಕೇ ತಪ್ಪನ್ನು ಸುಧಾಳಿಂದ ಮಾಡಿಸಿದೆ. ಕೊಡೆ ಕೊಡಲು ಅವನು ಬೀದಿಗೇ ಇಳಿದಾಗ:

"ಒಳಗೆ ಹೋಗು, ನೆನೀತೀಯ... ನೆನೀತೀರ."
"ಪರವಾಗಿಲ್ಲ."

ಇದೊಂದೇ ಸಲ. ಎರಡನೇ ಸಲ ಜಾರಿಸಿದ್ದರೆ ಅದು ಅಭ್ಯಾಸ ಆಗುತ್ತಿತ್ತು. ಹಾಗೇ, ಮನೆಮಂದಿ ಊರವರೆಲ್ಲ ಏಕವಚನದಲ್ಲೇ ಮಾತಾಡುವ ಕಡೆಯ ಕಥೆಗೆ ಈ ಉಪಾಯ ನಡೆಯಲ್ಲ.

ಮರುದಿನ ಸುಧಾ ಬರುತ್ತಾಳೆ. ಕೈಯಲ್ಲಿ ಪೇಪರ್ ಇಲ್ಲ.

"ಕೊಡೆ ತರೋದು ಮರೆತೆ. ನಾಳೆ ತರ್ತೀನಿ."
"ನಾಳೆನೂ ಮಳೆ ಇದ್ಯಂತೆ."