ಮನೆಯ ಅಳತೆ, ಬೆಲೆ ಮತ್ತು ಒಂದು ಗೆರೆ

ಬಳ್ಳಾರಿಯಲ್ಲಿ ಮನೆ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಒಂದೇ: ಚದರ ಅಡಿಗೆ ಎಷ್ಟು? ಇದಕ್ಕೆ, ಅಂಕಿಗಳ ನಡುವೆ ಹೊಂದುವ ಒಂದು ನೇರ ಗೆರೆ ಎಳೆಯುವ ಲೀನಿಯರ್ ರಿಗ್ರೆಷನ್‌ನಿಂದ ಉತ್ತರ ಹುಡುಕಬಹುದು. ಎಕ್ಸೆಲ್ ಇದ್ದರೆ ಸಾಕು.

ಒಂದೇ ಬಡಾವಣೆಯ ಐದು ಮನೆಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಅಭ್ಯಾಸಕ್ಕಾಗಿ ನಾನೇ ಬರೆದುಕೊಂಡವು. A2ರಿಂದ ಕೆಳಗೆ ಕಟ್ಟಡದ ಅಳತೆ ಬರೆಯಿರಿ: 600, 800, 1000, 1200, 1400 ಚದರ ಅಡಿ. ಪಕ್ಕದ B ಸಾಲಿನಲ್ಲಿ ಬೆಲೆ, ಲಕ್ಷಗಳಲ್ಲಿ: 24, 35, 38, 50, 53. ಆಮೇಲೆ ಖಾಲಿ ಜಾಗದಲ್ಲಿ ಈ ಮೂರನ್ನು ಹಾಕಿ.

```
=SLOPE(B2:B6,A2:A6)
=INTERCEPT(B2:B6,A2:A6)
=RSQ(B2:B6,A2:A6)
```

ಉತ್ತರ ಕ್ರಮವಾಗಿ ಸ್ಲೋಪ್ 0.0365, ಇಂಟರ್ಸೆಪ್ಟ್ 3.5 ಮತ್ತು ಆರ್ ಸ್ಕ್ವೇರ್ಡ್ ಸುಮಾರು 0.96. ಬೆಲೆಯ ಸಾಲು ಮೊದಲು ಬರಬೇಕು, ಇಲ್ಲೇ ತುಂಬಾ ಜನ ಎಡವುತ್ತಾರೆ. ಅದಲುಬದಲಾದರೆ ಸ್ಲೋಪ್ 26.35 ಆಗುತ್ತದೆ. ಚದರ ಅಡಿಗೆ 26 ಲಕ್ಷ ಅಂದರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ? ಆರ್ ಸ್ಕ್ವೇರ್ಡ್ ಮಾತ್ರ ಹಾಗೇ ಇರುತ್ತದೆ, ಅದನ್ನು ನೋಡಿ ತಪ್ಪು ಹಿಡಿಯಲಾಗದು.

ಈಗ ಓದುವುದು ಹೇಗೆ? ಸ್ಲೋಪ್ ಅಂದರೆ ಗುಣಾಂಕ. 0.0365 ಲಕ್ಷ ಎಂದರೆ 3,650 ರೂಪಾಯಿ. ಈ ಮನೆಗಳಲ್ಲಿ ಒಂದಕ್ಕಿಂತ ಇನ್ನೊಂದು 100 ಚದರ ಅಡಿ ದೊಡ್ಡದಿದ್ದರೆ ಬೆಲೆ ಸರಾಸರಿ 3.65 ಲಕ್ಷ ಜಾಸ್ತಿ. ಹಾಗಂತ ಮೇಲೊಂದು ಕೋಣೆ ಕಟ್ಟಿಸಿದರೆ ಅಷ್ಟು ಹಣ ಬಂದೇ ಬರುತ್ತದೆ ಎಂದಲ್ಲ. 3.5 ಲಕ್ಷ ಎಂಬುದು ಸೊನ್ನೆ ಅಡಿಯ ಮನೆಯ ಬೆಲೆ! ಅದಕ್ಕೆ ಅರ್ಥ ಹುಡುಕಬೇಡಿ, ಗೆರೆ ಎಳೆಯಲು ಬೇಕಾದ ಅಂಕಿ ಅಷ್ಟೇ. 1100 ಅಡಿಯ ಮನೆಗೆ ಅಂದಾಜು 3.5 + 0.0365 × 1100, ಅಂದರೆ 43.65 ಲಕ್ಷ.

ಆರ್ ಸ್ಕ್ವೇರ್ಡ್ 0.96 ಎಂದರೆ ಅಂದಾಜು 96 ಪರ್ಸೆಂಟ್ ಸರಿ ಎಂದು ಹೇಳುವವರಿದ್ದಾರೆ. ಅದು ತಪ್ಪು. ಮನೆಯಿಂದ ಮನೆಗೆ ಬೆಲೆಯಲ್ಲಿರುವ ಏರಿಳಿತದಲ್ಲಿ ನೂರಕ್ಕೆ 96 ಪಾಲು ಅಳತೆಯ ಗೆರೆಯ ಜೊತೆಗೇ ಸಾಗುತ್ತದೆ ಎಂದಷ್ಟೇ ಅರ್ಥ.

ಈಗ ರಾಯಲ್ ಸರ್ಕಲ್ ಹತ್ತಿರ, ಮೇನ್ ರೋಡಿಗೇ ಇರುವ 1000 ಅಡಿಯ ಮನೆ ಸೇರಿಸಿ. ಬೆಲೆ 82 ಲಕ್ಷ ಎನ್ನೋಣ. ಸೂತ್ರಗಳಲ್ಲಿ 6 ಇದ್ದಲ್ಲಿ 7 ಮಾಡಿ. ಸ್ಲೋಪ್ ಕದಲುವುದಿಲ್ಲ, ಅದೇ 0.0365. ಈ ಮನೆಯ ಅಳತೆ ಸರಿಯಾಗಿ ಸರಾಸರಿಯಲ್ಲೇ ಇರುವುದು ಅದಕ್ಕೆ ಕಾರಣ. ಆದರೆ ಆರ್ ಸ್ಕ್ವೇರ್ಡ್ 0.26ಕ್ಕೆ ಕುಸಿಯುತ್ತದೆ! ಚದರ ಅಡಿಗೆ ಎಷ್ಟು ಎಂಬ ಉತ್ತರ ಅದೇ ಇದ್ದರೂ, ಅಳತೆಯೊಂದರಿಂದಲೇ ಬೆಲೆ ಹೇಳುವುದು ಈಗ ಕಷ್ಟ.

ಸ್ಕ್ಯಾಟರ್ ಚಾರ್ಟ್ ಹಾಕಿ, ಟ್ರೆಂಡ್‌ಲೈನ್ ಸೇರಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಗೆರೆ 7 ಲಕ್ಷ ಮೇಲೇರಿದೆ, ಹಳೆಯ ಐದೂ ಮನೆಗಳು ಅದರ ಕೆಳಗಿವೆ. ಅಂಕಿ ಚಂದ ಕಾಣಲಿ ಎಂದು ಸುಮ್ನೆ ಆರನೆಯದನ್ನು ಅಳಿಸಬೇಡಿ. ಮೇನ್ ರೋಡಿನ ಮನೆಗಳು ಇನ್ನಷ್ಟು ಸಿಕ್ಕರೆ ಅವಕ್ಕೆ ಬೇರೆ ಗೆರೆ ಎಳೆಯಿರಿ. ಸಿಗುವವರೆಗೆ, ಮೊದಲ ಐದು ಮನೆಗಳ ಗೆರೆಯಿಂದ ಬಂದ ಅಂದಾಜು ಬಡಾವಣೆಯ ಒಳಗಿನ, 600ರಿಂದ 1400 ಅಡಿಯ ಮನೆಗಳಿಗೆ ಮಾತ್ರ ಎಂದು ಹಾಳೆಯ ಮೇಲೇ ಬರೆದಿಡಿ.