‘ಕೊಡಬಹುದಾ ಸಾರ್, ಏನೂ ಆಗಲ್ವಾ?’ ಅಂದವರಿಗೆ ನಾನು ಉತ್ತರ ಕೊಡುವ ಬಗೆ

ಮೆಡಿಕಲ್ ಸ್ಟೋರ್ ನಡೆಸುವವರಿಗೆ ಈ ಪ್ರಶ್ನೆ ಹೊಸದಲ್ಲ. ಏನನ್ನು, ಎಷ್ಟು, ಯಾರಿಗೆ, ಮೂರೂ ಅದರಲ್ಲಿ ಇರುವುದಿಲ್ಲ. ಕೇಳುವವರ ಕಣ್ಣೆದುರು ಬಾಟಲಿಯೂ ಇರುತ್ತದೆ, ಮಗುವೂ ಇರುತ್ತದೆ. ನಮಗೂ ಕಾಣುತ್ತಿದೆ ಅಂದುಕೊಂಡಿರುತ್ತಾರೆ. ‘ಏನೂ ಆಗಲ್ಲ ಕೊಡಿ’ ಅಂದರೆ ಫೋನ್ ಮುಗಿಯುತ್ತದೆ. ‘ಡಾಕ್ಟರ್ ಹತ್ರ ಹೋಗಿ’ ಅಂದರೂ ಮುಗಿಯುತ್ತದೆ. ನಾನು ಎರಡನ್ನೂ ಬಿಟ್ಟು ತಿರುಗಿ ಕೇಳಲು ಶುರುಮಾಡಿದಾಗ ನಮ್ಮ ರಸ್ತೆಯ ಅಂಗಡಿಯವರು ನಕ್ಕರು. ‘ಪೊಲೀಸ್ ಸ್ಟೇಷನ್ ಥರ ವಿಚಾರಣೆ ಮಾಡಿದ್ರೆ ಗಿರಾಕಿ ನಿಲ್ತಾನಾ?’ ಅಂದರು. ಈಗ ಅವರೇ ರಾತ್ರಿ ಹೊತ್ತಿನ ಫೋನ್‌ಗಳನ್ನು ನನ್ನ ನಂಬರಿಗೆ ದಾಟಿಸುತ್ತಾರೆ.

ಮೊದಲು ಒಂದು ಚೀಟಿ ಅಚ್ಚು ಹಾಕಿಸಿದ್ದೆ. ಔಷಧಿ ಹೆಸರು, ವಯಸ್ಸು, ತೂಕ, ಬೇರೆ ಕಾಯಿಲೆ ಅಂತ ಏಳೆಂಟು ಸಾಲು. ಏಳುನೂರೋ ಎಂಟುನೂರೋ ಖರ್ಚಾಯಿತು. ತುಂಬಿಸಿದವರು ಬೆರಳೆಣಿಕೆಯಷ್ಟು ಜನ. ಉಳಿದದ್ದು ಲೆಕ್ಕ ಬರೆಯಲು ಉಪಯೋಗಕ್ಕೆ ಬಂತು. ಆಮೇಲೆ ಬಾಯಲ್ಲೇ ಕೇಳಿದೆ, ಆದರೆ ‘ಯಾರಿಗೆ?’ ಅಂತ ಮೊದಲು ಕೇಳುತ್ತಿದ್ದೆ. ಅದೂ ಕೈಕೊಟ್ಟಿತು. ಜನ ಮುದುಡಿಕೊಳ್ಳುತ್ತಾರೆ. ‘ನಮ್ಮ ಪಕ್ಕದ ಮನೆಯವರಿಗೆ’ ಅನ್ನುತ್ತಾರೆ. ಬಸುರಿ ಹೆಂಗಸರಂತೂ ನಾಲ್ಕು ಜನರ ಎದುರು ಬಾಯೇ ಬಿಡುವುದಿಲ್ಲ.

ಕೆಲಸ ಮಾಡಿದ್ದು ಪ್ರಶ್ನೆಗಳ ಕ್ರಮ ಬದಲಾಯಿಸಿದಾಗ. ಈಗ ನಾನು ಮೊದಲು ಕೇಳುವುದು ಒಂದೇ: ‘ಆಗಲೇ ಕೊಟ್ಟಾಯ್ತಾ, ಇನ್ನು ಕೊಡಬೇಕಾ?’ ಕೊಡಬಹುದಾ ಅಂತ ಕೇಳುವ ಸುಮಾರು ಜನ ಒಂದು ಸಲ ಆಗಲೇ ಕೊಟ್ಟಿರುತ್ತಾರೆ. ಇದು ಗೊತ್ತಾಗದೆ ಮುಂದಿನ ಯಾವ ಲೆಕ್ಕವೂ ಸರಿಬರುವುದಿಲ್ಲ. ಆಮೇಲೆ ವಸ್ತು. ಹೆಸರು ಬಾಯಲ್ಲಿ ಕೇಳುವುದಿಲ್ಲ, ಬಾಟಲಿಯ ಲೇಬಲ್ ಫೋಟೋ ಬೇಕು. ಆಮೇಲೆ ಅಳತೆ, ಅದೂ ಯಾವುದರಲ್ಲಿ ಅಳೆದದ್ದು ಅಂತ. ಯಾರಿಗೆ ಅನ್ನುವುದು ಕೊನೆಗೆ. ಅಷ್ಟರಲ್ಲಿ ಮಾತು ಹಳಿಗೆ ಬಂದಿರುತ್ತದೆ, ಮುಚ್ಚಿಡುವುದು ಕಡಿಮೆ. ಎಲ್ಲ ಸಿಕ್ಕ ಮೇಲೆ ಪ್ರಶ್ನೆಯನ್ನು ಪೂರ್ತಿ ಮಾಡಿ ಅವರಿಗೇ ತಿರುಗಿ ಹೇಳುತ್ತೇನೆ. ಅವರು ‘ಹೌದು’ ಅಂದಮೇಲೆ ಮಾತ್ರ ಉತ್ತರ.

ಒಂದು ಪ್ರಸಂಗ ಹೇಳುತ್ತೇನೆ. ರಾತ್ರಿ ಒಂಬತ್ತರ ಮೇಲೆ ಒಬ್ಬ ಅಜ್ಜಿಯ ಫೋನ್.

‘ಜ್ವರದ ಔಷಧಿ ಕೊಡ್ಬಹುದೇನಪ್ಪಾ, ಏನೂ ಆಗಲ್ವಾ?’

‘ಇವತ್ತು ಒಂದು ಸಲ ಕೊಟ್ಟಾಯ್ತಾ ಅಮ್ಮಾ?’

‘ಸಾಯಂಕಾಲ ಐದು ಗಂಟೆಗೆ ಕೊಟ್ಟೆ. ಮತ್ತೆ ಮೈ ಬಿಸಿ ಆಗಿದೆ, ಅದಕ್ಕೇ ಕೇಳ್ತಿದೀನಿ.’

ಲೇಬಲ್ ಫೋಟೋ ಕಳಿಸಲು ಮಗನ ಕೈಗೆ ಫೋನ್ ಕೊಡಿಸಿದೆ. ಪ್ಯಾರಾಸಿಟಮಾಲ್ ಸರಿ, ಆದರೆ ಅದು ಸಿರಪ್ ಅಲ್ಲ, ಡ್ರಾಪ್ಸ್. ನಮಗೆಲ್ಲ ಗೊತ್ತಿರುವ ವಿಷಯ: ಸಾಮಾನ್ಯ ಸಿರಪ್‌ನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇದ್ದರೆ, ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಎಷ್ಟು ಕೊಟ್ಟಿರಿ ಅಂದರೆ ‘ಮಾಮೂಲಿ ಒಂದು ಮುಚ್ಚಳ, 5ರ ಗೆರೆ ತನಕ’ ಅಂದರು. ದೊಡ್ಡ ಮೊಮ್ಮಗನಿಗೆ ಸಿರಪ್ ಕೊಡುತ್ತಿದ್ದ ಮುಚ್ಚಳ ಅದು. ಡ್ರಾಪ್ಸ್‌ನ ಡ್ರಾಪರ್ ಕಳೆದುಹೋಗಿತ್ತು.

ತೂಕ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ತಾಯಿ ಕಾರ್ಡ್ ತೆಗೆಸಿ ನೋಡಿಸಿದೆ. ಹನ್ನೊಂದು ತಿಂಗಳ ಮಗು, 9 ಕೆಜಿ. ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ ಅಂದರೂ 135. ದಿನಕ್ಕೆ ಕೆಜಿಗೆ 60ರ ಲೆಕ್ಕದಲ್ಲಿ 540. ಒಳಗೆ ಹೋಗಿರುವುದು 500. ಅಂದರೆ ಇಡೀ ದಿನದ್ದು ಒಂದೇ ಮುಚ್ಚಳದಲ್ಲಿ ಹೋಗಿತ್ತು. ಅದೊಂದೇ ಸಲದಿಂದ ಲಿವರ್ ಕೆಡುವ ಮಟ್ಟ ಮುಟ್ಟುವುದಿಲ್ಲ. ಆದರೆ ಅದೇ ಮುಚ್ಚಳದಲ್ಲಿ ನಾಲ್ಕು ಗಂಟೆಗೊಮ್ಮೆ ಇನ್ನೂ ಮೂರು ಸಲ ಹೋಗಿದ್ದರೆ ಕೆಜಿಗೆ 220 ದಾಟುತ್ತಿತ್ತು. ಮೊದಲ ದಿನ ಮಗು ಆಡಿಕೊಂಡೇ ಇರುತ್ತದೆ, ಹೆಚ್ಚೆಂದರೆ ಒಂದೆರಡು ಸಲ ವಾಂತಿ. ನೋಡಿ ತಿಳಿಯುವುದು ಅಂತ ಏನೂ ಇರುವುದಿಲ್ಲ, ಅದೇ ಇದರ ತೊಂದರೆ.

ತಿರುಗಿ ಹೇಳಿದೆ: ‘9 ಕೆಜಿಯ ಮಗುವಿಗೆ ಐದು ಗಂಟೆಗೆ 5 ಎಂಎಲ್ ಡ್ರಾಪ್ಸ್ ಹೋಗಿದೆ, ಈಗ ಅಷ್ಟೇ ಇನ್ನೊಂದು ಸಲ ಕೊಡಬಹುದಾ ಅಂತ ಕೇಳ್ತಿದೀರಿ. ಹೌದಾ?’ ಹೌದು. ‘ಬೇಡ. ಈ ರಾತ್ರಿ ಜ್ವರದ ಔಷಧಿ ಇನ್ನು ಒಂದು ತೊಟ್ಟೂ ಬೇಡ. ಮಕ್ಕಳ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಈ ಲೆಕ್ಕವನ್ನೇ ಓದಿ ಹೇಳಿ.’ ಅಳತೆ ನಿರ್ಧಾರ ಮಾಡುವುದು ಅವರ ಕೆಲಸ, ನನ್ನದಲ್ಲ. ಡಾಕ್ಟರಿಗೂ ಎರಡೇ ನಿಮಿಷದ ಮಾತಾಯಿತು, ಯಾಕೆಂದರೆ ಪ್ರಶ್ನೆ ಪೂರ್ತಿ ಇತ್ತು. ಮಗು ಚೆನ್ನಾಗಿದೆ.

ಇದಾದ ಮೇಲೆ ನನಗೆ ಅಳತೆಯ ಹುಚ್ಚು ಹಿಡಿಯಿತು. ಮನೆಯಿಂದ, ನೆಂಟರ ಮನೆಯಿಂದ ‘ಟೀ ಚಮಚ’ಗಳನ್ನು ತಂದು ಸಿರಿಂಜಿನಲ್ಲಿ ಅಳೆದೆ. ಚಿಕ್ಕದು 3 ಎಂಎಲ್ ಸುಮಾರು, ದೊಡ್ಡದು 7ರ ಹತ್ತಿರ. ಹೆಂಡತಿ ‘ಅಂಗಡಿ ಬಿಟ್ಟು ಚಮಚ ವ್ಯಾಪಾರ ಮಾಡ್ತೀರಾ?’ ಅಂದಳು. ಅಂದಿನಿಂದ ಮಕ್ಕಳ ಔಷಧಿ ಜೊತೆ ಸೂಜಿಯಿಲ್ಲದ 5 ಎಂಎಲ್ ಸಿರಿಂಜು ಸುಮ್ನೆ ಕೊಡುತ್ತೇನೆ. ಎಷ್ಟು ತನಕ ಎಳೆಯಬೇಕೋ ಅಲ್ಲಿಗೆ ಮಾರ್ಕರ್‌ನಲ್ಲಿ ಗೆರೆ ಹಾಕುತ್ತೇನೆ. ಹೋಲ್‌ಸೇಲ್‌ನಲ್ಲಿ ಒಂದಕ್ಕೆ ಮೂರ್ನಾಲ್ಕು ರೂಪಾಯಿ, ತಿಂಗಳಿಗೆ ನಾನೂರು ಐನೂರು ಹೋಗುತ್ತದೆ.

ಮಾತ್ರೆಗಳದ್ದು ಬೇರೆ ಗೋಳು. ನಾವೇ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತೇವೆ, ಹೆಸರಿರುವ ತುದಿ ನಮ್ಮ ಡಬ್ಬಿಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಅದು ಬರೀ ‘ಬಿಳಿ ಮಾತ್ರೆ’. ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಜ್ವರದ್ದರಲ್ಲೂ ಇರುತ್ತದೆ. ಹೆಸರಿಲ್ಲದಿದ್ದರೆ ಎರಡು ಸೇರಿ ಎಷ್ಟಾಯಿತು ಅಂತ ಯಾರು ಹೇಳಬೇಕು? ಈಗ ಕವರ್ ಮೇಲೆ ಹೆಸರು, ಮಿಲಿಗ್ರಾಂ ಬರೆದೇ ಕೊಡುತ್ತೇನೆ.

‘ಯಾರಿಗೆ’ ಅನ್ನುವ ಕಡೆ ಜಾಸ್ತಿ ಕಷ್ಟ ಕೊಡುವುದು ನೋವಿನ ಮಾತ್ರೆ. ಕಿಡ್ನಿ ತೊಂದರೆ ಇದೆಯಾ ಅಂದರೆ ಎಲ್ಲರೂ ‘ಇಲ್ಲ’ ಅನ್ನುತ್ತಾರೆ. ಶುಗರ್, ಬಿಪಿ ಮಾತ್ರೆ ಹತ್ತು ವರ್ಷದಿಂದ ನುಂಗುತ್ತಿರುವವರೂ ‘ನನಗೇನೂ ಕಾಯಿಲೆ ಇಲ್ಲ’ ಅನ್ನುತ್ತಾರೆ, ಕಂಟ್ರೋಲ್‌ನಲ್ಲಿ ಇದೆಯಲ್ಲ! ಮಾತ್ರೆ ಚೀಲವನ್ನೇ ತನ್ನಿ ಅನ್ನುವುದು ಒಂದು ದಾರಿ. ಚೀಲ ಇಲ್ಲದಾಗ ನಾನು ಬೇರೆ ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಸುಳ್ಳು ಹೇಳಲು ಯಾರಿಗೂ ತೋಚುವುದಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ಅಂಗಡಿಯವರೂ ಓದುತ್ತಾರೆ.

ದುಡ್ಡಿನ ಮಾತು. ಮೊದಲ ಮೂರ್ನಾಲ್ಕು ತಿಂಗಳು ಡಾಕ್ಟರ್ ಚೀಟಿ ಇಲ್ಲದ ವ್ಯಾಪಾರ ನೂರಕ್ಕೆ ಹತ್ತರಷ್ಟಾದರೂ ಬಿತ್ತು. ನೋವಿನ ಮಾತ್ರೆಯಲ್ಲೇ ಹೆಚ್ಚು. ಒಂದು ವರ್ಷ ಕಳೆಯುವಷ್ಟರಲ್ಲಿ ಮಕ್ಕಳ ಚೀಟಿಗಳು ನನ್ನ ಕಡೆ ತಿರುಗಿದವು. ಈಗ ಲೆಕ್ಕ ಹಿಂದಿಗಿಂತ ಮೇಲೇ ಇದೆ, ಎಷ್ಟು ಅಂತ ಕೇಳಬೇಡಿ.

ಒಂದು ಕಡೆ ಮಾತ್ರ ನಾನು ಈ ಕ್ರಮ ಹಿಡಿಯುವುದಿಲ್ಲ. ಮಗು ಸೀಮೆಎಣ್ಣೆ ಕುಡಿದಿದೆ, ಇಲಿ ಪಾಷಾಣ ಬಾಯಿಗೆ ಹಾಕಿದೆ, ಹೊಲದ ಔಷಧಿ ಹೊಟ್ಟೆಗೆ ಹೋಗಿದೆ ಅಂದರೆ ಎಷ್ಟು ಅಂತ ಕೇಳುತ್ತಾ ಕೂರುವುದಿಲ್ಲ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ, ಆ ಬಾಟಲಿ ಅಥವಾ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ ಅನ್ನುತ್ತೇನೆ. ದಾರಿಯಲ್ಲಿ ಮಾತಾಡಲು ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117 ಕೊಡುತ್ತೇನೆ. ಹಗಲು ರಾತ್ರಿ ಎತ್ತುತ್ತಾರೆ. ಅವರು ಕೇಳುವುದೂ ಅದನ್ನೇ: ಏನು, ಎಷ್ಟು, ಯಾವಾಗ, ಮಗುವಿನ ತೂಕ ಎಷ್ಟು.