ತಪ್ಪಿಲ್ಲದ ವಾಕ್ಯ ಯಾಕೆ ಬಿಗಿಯಾಗಿದೆ? ಸಡಿಲಿಸುವುದು ಹೀಗೆ

ಈ ವಾಕ್ಯ ಓದಿ ನೋಡಿ:

‘ಸದಸ್ಯರಿಂದ ಪಡೆಯಲ್ಪಟ್ಟ ಪುಸ್ತಕಗಳು ನಿಗದಿತ ಅವಧಿಯ ಒಳಗಾಗಿ ಹಿಂದಿರುಗಿಸಲ್ಪಡದಿದ್ದಲ್ಲಿ, ಅವರ ಮೇಲೆ ದಂಡವು ವಿಧಿಸಲ್ಪಡುತ್ತದೆ ಮತ್ತು ಅವರ ಸದಸ್ಯತ್ವದ ರದ್ದುಗೊಳಿಸುವಿಕೆಯ ಕುರಿತು ಪರಿಶೀಲನೆಯು ಕೈಗೊಳ್ಳಲ್ಪಡುತ್ತದೆ.’

ವ್ಯಾಕರಣದ ಮೇಷ್ಟ್ರು ಇದಕ್ಕೆ ಪೂರ್ತಿ ಅಂಕ ಕೊಡಬಹುದು. ವಿಭಕ್ತಿ ಸರಿಯಿದೆ, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿದೆ, ಸಂಧಿ ಸರಿಯಾಗಿದೆ. ಆದರೆ ಗ್ರಂಥಾಲಯದ ಗೋಡೆಯ ಮೇಲೆ ಇದನ್ನು ಕಂಡವರು ಎರಡನೇ ಸಲ ಓದಬೇಕಾಗುತ್ತದೆ. ಗಟ್ಟಿಯಾಗಿ ಓದಲು ಹೊರಟರೆ ನಾಲಿಗೆ ನಾಲ್ಕು ಕಡೆ ತೊಡರುತ್ತದೆ. ಇಂಥ ವಾಕ್ಯವನ್ನು ಕಂಡಾಗ ‘ಕಠಿಣ ಪದ ತೆಗೆದು ಸರಳ ಪದ ಹಾಕಿ’ ಎನ್ನುವ ಸಲಹೆ ಸಾಮಾನ್ಯವಾಗಿ ಸಿಗುತ್ತದೆ. ಅದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ನಿಗದಿತ’ ತೆಗೆದು ‘ಗೊತ್ತುಮಾಡಿದ’ ಎಂದು ಹಾಕಿ ನೋಡಿ, ವಾಕ್ಯ ಅಷ್ಟೇ ಬಿಗಿಯಾಗಿ ಉಳಿಯುತ್ತದೆ. ಬಿಗಿತ ಇರುವುದು ವಾಕ್ಯದ ರಚನೆಯಲ್ಲಿ. ಅದನ್ನು ಒಂದೊಂದೇ ಹೆಜ್ಜೆಯಲ್ಲಿ ಬಿಚ್ಚೋಣ.

ಮೊದಲ ಹೆಜ್ಜೆ: ಯಾರು, ಏನು ಮಾಡುತ್ತಾರೆ?

ಪೆನ್ನು ತೆಗೆದುಕೊಂಡು ವಾಕ್ಯದಲ್ಲಿ ನಿಜವಾಗಿ ನಡೆಯುವ ಕೆಲಸಗಳಿಗೆ ಅಡಿಗೆರೆ ಎಳೆಯಿರಿ. ಇಲ್ಲಿ ಐದು ಕೆಲಸಗಳಿವೆ: ಪಡೆಯುವುದು, ಹಿಂದಿರುಗಿಸುವುದು, ದಂಡ ವಿಧಿಸುವುದು, ರದ್ದುಗೊಳಿಸುವುದು, ಪರಿಶೀಲಿಸುವುದು. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಮಾಡುವವರ ಹೆಸರು ಬರೆಯಿರಿ. ಮೊದಲೆರಡು ಸದಸ್ಯರ ಕೆಲಸ, ಉಳಿದ ಮೂರು ಗ್ರಂಥಾಲಯದ್ದು.

ಈಗ ಮೂಲ ವಾಕ್ಯದಲ್ಲಿ ‘ಗ್ರಂಥಾಲಯ’ ಎಂಬ ಪದವನ್ನು ಹುಡುಕಿ. ಎಲ್ಲೂ ಇಲ್ಲ. ಸದಸ್ಯರಾದರೂ ‘ಸದಸ್ಯರಿಂದ’ ಎಂದಾಗಿ ಮೂಲೆ ಸೇರಿದ್ದಾರೆ. ಕೆಲಸ ಐದು, ಮಾಡುವವರು ಒಬ್ಬರೂ ಇಲ್ಲ. ಓದುಗರಿಗೆ ಸುಸ್ತಾಗುವುದು ಇಲ್ಲೇ.

ಎರಡನೇ ಹೆಜ್ಜೆ: ‘ಅಲ್ಪಡು’ವನ್ನು ಬಿಡಿಸಿ

ಕರ್ಮಣಿ ಪ್ರಯೋಗವನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ: ‘ರಾಮನು ಹಣ್ಣನ್ನು ತಿಂದನು’ ಎಂಬುದು ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂದಾಗುತ್ತದೆ. ವ್ಯಾಕರಣ ಅದನ್ನು ಒಪ್ಪುತ್ತದೆ. ಆದರೆ ಮಾತನಾಡುವಾಗ ಯಾರ ಬಾಯಲ್ಲೂ ಅದು ಬರುವುದಿಲ್ಲ. ಮಾಡಿದವರ ಹೆಸರು ಬೇಡ ಎನಿಸಿದಾಗ ಕನ್ನಡಕ್ಕೆ ಬೇರೆ ದಾರಿಗಳಿವೆ. ಅವು ಬಿಗಿಯೂ ಅಲ್ಲ, ದೂರವೂ ಅಲ್ಲ.

ಮೊದಲನೆಯದು ತೀರಾ ಸುಲಭ: ಕರ್ತೃವನ್ನು ಸುಮ್ಮನೆ ಕೈಬಿಡುವುದು. ‘ಬಾಗಿಲಿಗೆ ಬೀಗ ಹಾಕಿದೆ’ ಎನ್ನುತ್ತೇವೆ. ಹಾಕಿದವರು ಯಾರೆಂದು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಅದನ್ನು ‘ಹಾಕಲ್ಪಟ್ಟಿದೆ’ ಎಂದು ಯಾರೂ ಹೇಳುವುದಿಲ್ಲ. ‘ಅಲ್ಲಿ ದಂಡ ಹಾಕುತ್ತಾರೆ’ ಎಂಬುದೂ ಇದೇ ಬಗೆಯದು. ‘ಹಾಕುತ್ತಾರೆ’ ಎಂಬಲ್ಲಿ ‘ಅವರು’ ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು, ತಾನೇ ಆಗುವ ಕ್ರಿಯೆಯನ್ನು ಬಳಸುವುದು. ‘ಕಾರ್ಯಕ್ರಮ ಆರಂಭಿಸಲ್ಪಟ್ಟಿತು’ ಎಂಬಲ್ಲಿ ‘ಆರಂಭವಾಯಿತು’ ಎನ್ನಿ. ‘ದಿನಾಂಕ ಬದಲಾಯಿಸಲ್ಪಟ್ಟಿದೆ’ ಎಂಬಲ್ಲಿ ‘ಬದಲಾಗಿದೆ’ ಎನ್ನಿ. ‘ಕೆಲಸ ಮುಗಿಸಲ್ಪಟ್ಟಿತು’ ಎಂಬಲ್ಲಿ ‘ಮುಗಿಯಿತು’ ಸಾಕು. ‘ಇಸು’ ಪ್ರತ್ಯಯ ಹೋದೊಡನೆ ಅದರ ಹಿಂದೆ ಬಂದಿದ್ದ ‘ಅಲ್ಪಟ್ಟಿತು’ ಕೂಡ ತಾನಾಗಿ ಹೋಗುತ್ತದೆ.

ಮೂರನೆಯದು ‘ಮುಂದೂಡಲಾಗಿದೆ’, ‘ನಿಷೇಧಿಸಲಾಗಿದೆ’ ಎಂಬ ರೂಪ. ಸುದ್ದಿಯಲ್ಲೂ ಪ್ರಕಟಣೆಯಲ್ಲೂ ಇದು ಚೆನ್ನಾಗಿ ಒಗ್ಗಿಹೋಗಿದೆ, ತಕರಾರಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ಮಾಡಿದವರ ಹೆಸರು ವಾಕ್ಯದಲ್ಲಿ ಇದ್ದರೆ ಈ ರೂಪವನ್ನು ಮುಟ್ಟಬೇಡಿ. ‘ಸಮಿತಿಯಿಂದ ಸಭೆಯನ್ನು ಮುಂದೂಡಲಾಗಿದೆ’ ಎಂದು ಬರೆಯುವ ಬದಲು ‘ಸಮಿತಿ ಸಭೆಯನ್ನು ಮುಂದೂಡಿದೆ’ ಎಂದು ನೇರವಾಗಿ ಬರೆಯಬಹುದು. ಹೆಸರು ಗೊತ್ತಿದ್ದೂ ಅದನ್ನು ‘ಇಂದ’ ಹಚ್ಚಿ ಹಿಂದಕ್ಕೆ ತಳ್ಳಲು ಕಾರಣವೇ ಇಲ್ಲ.

ನಮ್ಮ ವಾಕ್ಯದಲ್ಲಿ ಮಾಡುವವರು ಗೊತ್ತಿದ್ದಾರೆ. ಆದ್ದರಿಂದ ಅವರವರ ಕೆಲಸ ಅವರವರಿಗೆ ಒಪ್ಪಿಸೋಣ:

‘ಸದಸ್ಯರು ಪಡೆದ ಪುಸ್ತಕಗಳನ್ನು ನಿಗದಿತ ಅವಧಿಯ ಒಳಗಾಗಿ ಹಿಂದಿರುಗಿಸದಿದ್ದಲ್ಲಿ, ಗ್ರಂಥಾಲಯವು ಅವರ ಮೇಲೆ ದಂಡವನ್ನು ವಿಧಿಸುತ್ತದೆ ಮತ್ತು ಅವರ ಸದಸ್ಯತ್ವದ ರದ್ದುಗೊಳಿಸುವಿಕೆಯ ಕುರಿತು ಪರಿಶೀಲನೆಯನ್ನು ಕೈಗೊಳ್ಳುತ್ತದೆ.’

ಒಂದು ಕಠಿಣ ಪದವನ್ನೂ ಬದಲಿಸಿಲ್ಲ. ಆದರೂ ಈಗ ಒಂದೇ ಓದಿಗೆ ಅರ್ಥವಾಗುತ್ತದೆ.

ಮೂರನೇ ಹೆಜ್ಜೆ: ನಾಮಪದದಲ್ಲಿ ಹೂತುಹೋದ ಕ್ರಿಯೆಯನ್ನು ಎತ್ತಿ

‘ರದ್ದುಗೊಳಿಸುವಿಕೆಯ ಕುರಿತು ಪರಿಶೀಲನೆಯನ್ನು ಕೈಗೊಳ್ಳುತ್ತದೆ’ ಎಂಬಲ್ಲಿ ಎರಡು ಕೆಲಸಗಳೂ ನಾಮಪದಗಳಾಗಿ ಕೂತಿವೆ. ಕ್ರಿಯಾಪದದ ಜಾಗದಲ್ಲಿರುವ ‘ಕೈಗೊಳ್ಳು’ ಏನನ್ನೂ ಹೇಳುತ್ತಿಲ್ಲ. ‘ನಡೆಸು’, ‘ಕೈಗೊಳ್ಳು’, ‘ಹಮ್ಮಿಕೊಳ್ಳು’, ‘ಹೊಂದಿರು’ ಎಂಬ ಕ್ರಿಯಾಪದಗಳು ವಾಕ್ಯದ ತುದಿಯಲ್ಲಿ ಕಂಡರೆ ಅವುಗಳ ಹಿಂದಿನ ಪದವನ್ನು ನೋಡಿ. ನಿಜವಾದ ಕ್ರಿಯೆ ಬಹಳ ಸಲ ಅಲ್ಲೇ ಅಡಗಿರುತ್ತದೆ. ‘ಚರ್ಚೆಯನ್ನು ನಡೆಸಿದರು’ ಎಂದರೆ ‘ಚರ್ಚಿಸಿದರು’, ‘ಐದು ಕೊಠಡಿಗಳನ್ನು ಹೊಂದಿದೆ’ ಎಂದರೆ ‘ಐದು ಕೊಠಡಿಗಳಿವೆ’. ಇಲ್ಲಿ ‘ಸದಸ್ಯತ್ವವನ್ನು ರದ್ದುಗೊಳಿಸಬೇಕೇ ಎಂಬುದನ್ನು ಪರಿಶೀಲಿಸುತ್ತದೆ’ ಎಂದಾಯಿತು. ‘ಇಕೆ’ ಎಂದು ಮುಗಿಯುವ ಪದಗಳೆಲ್ಲ ಕೆಟ್ಟವಲ್ಲ. ‘ತಿಳಿವಳಿಕೆ’, ‘ಹೊಂದಾಣಿಕೆ’ ಸ್ವಂತ ಕಾಲ ಮೇಲೆ ನಿಂತ ಪದಗಳು. ಅನುಮಾನ ಪಡಬೇಕಾದದ್ದು ‘ರದ್ದುಗೊಳಿಸುವಿಕೆ’ಯಂತೆ ಆ ಹೊತ್ತಿನ ಅಗತ್ಯಕ್ಕೆ ಹೊಸೆದವುಗಳನ್ನು.

ನಾಲ್ಕನೇ ಹೆಜ್ಜೆ: ‘ಮತ್ತು’ ಇಲ್ಲಿ ಬೇಕೆ?

ಎರಡು ವಸ್ತುಗಳನ್ನು ಜೋಡಿಸಲು ‘ಮತ್ತು’ ಸರಿ. ಎರಡು ಕ್ರಿಯೆಗಳನ್ನು ಜೋಡಿಸಲು ಬಂದಾಗ ವಾಕ್ಯ ಬಿಗಿಯುತ್ತದೆ. ‘ಅವನು ಬಾಗಿಲು ತೆರೆದನು ಮತ್ತು ಒಳಗೆ ಬಂದನು’ ಎಂಬುದನ್ನು ‘ಬಾಗಿಲು ತೆರೆದು ಒಳಗೆ ಬಂದ’ ಎಂದರೆ ಸಾಕು. ಆದರೆ ಈ ಉಪಾಯವನ್ನು ಕಣ್ಣುಮುಚ್ಚಿ ಬಳಸಿದರೆ ಎರಡು ಕಡೆ ಎಡವುತ್ತೇವೆ.

ಒಂದು, ಎರಡೂ ಕೆಲಸ ಒಬ್ಬರೇ ಮಾಡಬೇಕು. ‘ಅಪ್ಪ ಬಂದು ನಾನು ಹೊರಟೆ’ ಎಂದರೆ ಕಿವಿಗೆ ಕುಟುಕುತ್ತದೆ. ಅಲ್ಲಿ ‘ಅಪ್ಪ ಬಂದ ಮೇಲೆ ನಾನು ಹೊರಟೆ’ ಎನ್ನಬೇಕು. ಮೊದಲಿನದು ಎರಡನೆಯದಕ್ಕೆ ಕಾರಣವಾಗಿದ್ದರೆ ಮಾತ್ರ ಈ ಕಟ್ಟು ಸಡಿಲವಾಗುತ್ತದೆ: ‘ಮಳೆ ಬಂದು ಆಟ ನಿಂತಿತು’ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ.

ಎರಡು, ‘ತೆರೆದು’, ‘ಬಂದು’ ಎಂಬ ರೂಪಕ್ಕೆ ಒಂದಾದ ಮೇಲೆ ಒಂದು ಎಂಬ ಅರ್ಥ ಅಂಟಿಕೊಂಡಿದೆ. ನಮ್ಮ ವಾಕ್ಯವನ್ನು ‘ದಂಡ ವಿಧಿಸಿ ಸದಸ್ಯತ್ವ ರದ್ದುಗೊಳಿಸಬೇಕೇ ಎಂದು ಪರಿಶೀಲಿಸುತ್ತದೆ’ ಎಂದು ಕಟ್ಟಿದರೆ ಮೊದಲು ದಂಡ, ಆಮೇಲೆ ಪರಿಶೀಲನೆ ಎಂದು ತೋರುತ್ತದೆ. ಅಷ್ಟೇ ಅಲ್ಲ, ‘ವಿಧಿಸಿ’ ಎಂಬುದು ‘ರದ್ದುಗೊಳಿಸಬೇಕೇ’ ಜೊತೆ ಸೇರಿಕೊಂಡು, ದಂಡ ಹಾಕುವುದೇ ಇನ್ನೂ ತೀರ್ಮಾನವಾಗಿಲ್ಲ ಎಂಬ ಅರ್ಥಕ್ಕೂ ಎಡೆಯಾಗುತ್ತದೆ. ನಿಯಮ ಹಾಗೆ ಹೇಳಿಲ್ಲ. ಆದ್ದರಿಂದ ಇಲ್ಲಿ ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡುವುದೇ ಮೇಲು. ಎರಡನೆಯದರಲ್ಲಿ ‘ಎಂಬುದನ್ನೂ’ ಎಂದು ಒಂದು ‘ಊ’ ಸೇರಿಸಿದರೆ ‘ಮತ್ತು’ ಮಾಡುತ್ತಿದ್ದ ಕೆಲಸ ಆಗಿಬಿಡುತ್ತದೆ.

ಐದನೇ ಹೆಜ್ಜೆ: ಹೆಚ್ಚಾದ ‘ವು’, ‘ಅನ್ನು’, ‘ಅವರ’

‘ದಂಡವು’, ‘ಗ್ರಂಥಾಲಯವು’ ಎಂಬಲ್ಲಿನ ‘ವು’ವನ್ನು ತೆಗೆದುಬಿಡಿ, ಏನೂ ಕೆಡುವುದಿಲ್ಲ. ‘ಅವರ ಮೇಲೆ’, ‘ಅವರ ಸದಸ್ಯತ್ವ’ ಎಂಬಲ್ಲಿ ‘ಅವರ’ ಎರಡು ಸಲ ಬಂದಿದೆ. ದಂಡ ಯಾರಿಗೆ ಎಂಬುದರಲ್ಲಿ ಗೊಂದಲವೇ ಇಲ್ಲದಿರುವಾಗ ಅದೂ ಬೇಡ.

‘ಅನ್ನು’ ಪ್ರತ್ಯಯದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಬೇಕು. ಯಾವುದೋ ಒಂದು ಪತ್ರದ ಮಾತಾದರೆ ‘ಪತ್ರ ಬರೆದೆ’ ಎನ್ನುತ್ತೇವೆ. ಇಂಥದ್ದೇ ಪತ್ರ ಎಂದು ಗೊತ್ತಿದ್ದರೆ ‘ಆ ಪತ್ರವನ್ನು ಹರಿದುಹಾಕಿದೆ’ ಎನ್ನುತ್ತೇವೆ. ಮನುಷ್ಯರ ವಿಷಯದಲ್ಲಿ ‘ಅನ್ನು’ ಬಿಟ್ಟರೆ ಅರ್ಥವೇ ತಲೆಕೆಳಗಾಗಬಹುದು: ‘ತಮ್ಮನನ್ನು ಕರೆದ’ ಎಂಬಲ್ಲಿ ಕರೆಸಿಕೊಂಡವನು ತಮ್ಮ, ‘ತಮ್ಮ ಕರೆದ’ ಎಂದರೆ ಕರೆದವನೇ ತಮ್ಮ. ಕರ್ಮಪದಕ್ಕೂ ಕ್ರಿಯಾಪದಕ್ಕೂ ನಡುವೆ ಹೆಚ್ಚು ಪದಗಳು ಬಂದಾಗಲೂ ‘ಅನ್ನು’ ಇರಲಿ, ಓದುಗರಿಗೆ ಹಿಡಿದುಕೊಳ್ಳಲು ಅದು ಬೇಕು. ಹಾಗಾಗಿ ನಮ್ಮ ವಾಕ್ಯದಲ್ಲಿ ‘ದಂಡವನ್ನು’ ಎಂಬುದು ‘ದಂಡ’ವಾಗುತ್ತದೆ, ‘ಪುಸ್ತಕವನ್ನು’ ಹಾಗೇ ಉಳಿಯುತ್ತದೆ. ಬಹುವಚನದ ‘ಗಳು’ ಕೂಡ ಬೇಡ. ನಿಯಮ ಹೇಳುವಾಗ ‘ಪುಸ್ತಕ’ ಎಂದರೆ ಒಂದಕ್ಕೂ ಹತ್ತಕ್ಕೂ ಅನ್ವಯಿಸುತ್ತದೆ.

ಇಷ್ಟಾದ ಮೇಲೆ ಕೊನೆಯದಾಗಿ ಒಂದು ಆಯ್ಕೆ ಉಳಿಯುತ್ತದೆ. ಈ ಸೂಚನೆಯನ್ನು ಓದುವವರು ಸದಸ್ಯರು. ಗ್ರಂಥಾಲಯ ದಂಡ ವಿಧಿಸುತ್ತದೆ ಎನ್ನುವುದಕ್ಕಿಂತ ತಾವು ದಂಡ ಕಟ್ಟಬೇಕಾಗುತ್ತದೆ ಎಂಬುದು ಅವರಿಗೆ ಮುಖ್ಯ. ಹಾಗಾಗಿ ಮೊದಲ ವಾಕ್ಯವನ್ನು ಪೂರ್ತಿಯಾಗಿ ಅವರ ಕಡೆಯಿಂದಲೇ ಹೇಳಬಹುದು:

‘ಸದಸ್ಯರು ಒಯ್ದ ಪುಸ್ತಕವನ್ನು ಗೊತ್ತುಮಾಡಿದ ದಿನದೊಳಗೆ ಹಿಂದಿರುಗಿಸದಿದ್ದರೆ ದಂಡ ಕಟ್ಟಬೇಕಾಗುತ್ತದೆ. ಸದಸ್ಯತ್ವ ರದ್ದುಗೊಳಿಸಬೇಕೇ ಎಂಬುದನ್ನೂ ಗ್ರಂಥಾಲಯ ಪರಿಶೀಲಿಸುತ್ತದೆ.’

ಪದ ಬದಲಿಸುವ ಕೆಲಸ ಕೊನೆಯಲ್ಲಿ ಬಂತು ಎಂಬುದನ್ನು ಗಮನಿಸಿ. ರಚನೆ ಸಡಿಲವಾದ ಮೇಲೆ ‘ಪಡೆದ’ ಬದಲು ‘ಒಯ್ದ’ ತಾನಾಗಿಯೇ ಹೊಳೆಯುತ್ತದೆ.

ಕತೆ, ಪತ್ರ ಬರೆಯುವವರಿಗೆ ಇನ್ನೊಂದು ಮಾತು

ಸೂಚನಾಫಲಕಕ್ಕೆ ಬೇಡದ, ಆದರೆ ಕತೆಗೂ ಪತ್ರಕ್ಕೂ ಬೇಕೇಬೇಕಾದ ಒಂದು ಸಾಧನ ನಮ್ಮಲ್ಲಿದೆ: ಕ್ರಿಯಾಪದದ ಬೆನ್ನಿಗೆ ಬರುವ ಬಿಡು, ಹೋಗು, ಕೊಡು, ಕೊಳ್ಳು. ‘ನಾನು ಅದನ್ನು ಮರೆತೆ’ ಎಂಬುದು ಸರಿಯಾದ ವಾಕ್ಯ, ಆದರೆ ವರದಿ ಒಪ್ಪಿಸಿದಂತಿದೆ. ‘ಮರೆತುಬಿಟ್ಟೆ’ ಎಂದಾಗ ಅದರಲ್ಲಿ ಹೇಳುವವರ ಪೇಚಾಟವೂ ಸೇರುತ್ತದೆ. ‘ಲೋಟ ಒಡೆಯಿತು’ ಮತ್ತು ‘ಒಡೆದುಹೋಯಿತು’ ನಡುವೆಯೂ ಇದೇ ವ್ಯತ್ಯಾಸ. ‘ಬರೆದುಕೊಡು’ ಎಂದರೆ ನನಗಾಗಿ, ‘ಬರೆದುಕೋ’ ಎಂದರೆ ನಿನಗಾಗಿ. ಇಷ್ಟನ್ನು ಒಂದೇ ಪದದಲ್ಲಿ ಹೇಳುವ ಈ ಸೊಗಸು ನನಗೆ ಬಹಳ ಇಷ್ಟ. ‘ಇಲ್ಲ’ ಬರುವ ವಾಕ್ಯದಲ್ಲಿ ‘ಬಿಡು’ ಸಾಮಾನ್ಯವಾಗಿ ನಿಲ್ಲುವುದಿಲ್ಲ: ‘ಮರೆಯಲಿಲ್ಲ’ ಎನ್ನುತ್ತೇವೆ, ‘ಮರೆತುಬಿಡಲಿಲ್ಲ’ ಎಂದರೆ ವಾಕ್ಯ ಮತ್ತೆ ಬಿಗಿಯುತ್ತದೆ. ಸಾಲಿಗೊಂದು ‘ಬಿಟ್ಟ’ ಬಂದರೂ ಬರಹ ಜಾಳಾಗುತ್ತದೆ.

ಸಡಿಲವಾಯಿತೇ, ಕಳಚಿಹೋಯಿತೇ?

ತಿದ್ದಿದ ಮೇಲೆ ಎರಡು ಪರೀಕ್ಷೆ ಮಾಡಿ. ಹೊಸ ವಾಕ್ಯವನ್ನು, ಹಳೆಯದನ್ನು ನೋಡದ ಒಬ್ಬರಿಗೆ ಗಟ್ಟಿಯಾಗಿ ಓದಿ, ಅವರಿಗೆ ತಿಳಿದದ್ದನ್ನು ಅವರ ಮಾತಿನಲ್ಲೇ ಹೇಳಲು ಕೇಳಿ. ‘ಅಂದರೆ?’ ಎಂದು ಅವರು ಕೇಳಿದ ಜಾಗಕ್ಕೆ ಮತ್ತೆ ಹೋಗಿ. ಆಮೇಲೆ ಹಳೆಯ ವಾಕ್ಯವನ್ನು ಪಕ್ಕದಲ್ಲಿಟ್ಟು ಷರತ್ತುಗಳನ್ನು ತಾಳೆ ನೋಡಿ. ನಮ್ಮ ಕರಡಿನಲ್ಲಿ ‘ಸದಸ್ಯತ್ವ ಮುಂದುವರಿಸಬೇಕೇ ಎಂಬುದನ್ನೂ ಪರಿಶೀಲಿಸುತ್ತದೆ’ ಎಂದು ಬರೆಯುವ ಆಸೆಯಾಗಬಹುದು, ಕೇಳಲು ಮೆತ್ತಗಿದೆ. ಆದರೆ ನಿಯಮದಲ್ಲಿರುವುದು ರದ್ದತಿಯ ಮಾತು, ಅದನ್ನು ಮೆತ್ತಗೆ ಮಾಡುವ ಅಧಿಕಾರ ವಾಕ್ಯ ತಿದ್ದುವವರಿಗಿಲ್ಲ. ಹಾಗೆಯೇ ‘ಕಟ್ಟಬೇಕಾಗುತ್ತದೆ’ ಎಂಬುದು ‘ಕಟ್ಟಬೇಕಾಗಬಹುದು’ ಎಂದಾದರೆ ದಂಡವೇ ಅನುಮಾನಕ್ಕೆ ಬೀಳುತ್ತದೆ. ಕರಾರುಪತ್ರ, ಕಾನೂನಿನ ಕಲಮುಗಳಲ್ಲಿ ಇಂಥ ಒಂದು ಪ್ರತ್ಯಯದ ಮೇಲೆ ಜಗಳವೇ ನಡೆಯಬಹುದಾದ್ದರಿಂದ, ಅವುಗಳನ್ನು ವಿಷಯ ಬಲ್ಲವರ ಜೊತೆ ಕೂತು ತಿದ್ದಬೇಕು.